ಎಣ್ಣೆಗಾಯಿಯನ್ನು ಇಂಗ್ಲಿಷಿನಲ್ಲಿ ಏನಂತ ಬರೆಯೋಣ? ಮೆನು ಅನುವಾದಕ್ಕೆ ಸಹಾಯ ಬೇಕು

ಸುಮಾ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನದು ಒಂದು ಸಣ್ಣ ಊಟದ ಹೋಟೆಲ್. ಇಷ್ಟು ದಿನ ಮೆನು ಕನ್ನಡದಲ್ಲಿ ಮಾತ್ರ ಇತ್ತು. ಈಗ ಕನ್ನಡ ಬಾರದವರು ಜಾಸ್ತಿ ಬರುತ್ತಿದ್ದಾರೆ. ಅದರಲ್ಲಿ ಹೊರದೇಶದವರೂ ಇದ್ದಾರೆ. ಹಾಗಾಗಿ ಪ್ರಿಂಟಿಂಗ್ ಅಂಗಡಿಯವರ ಹತ್ತಿರವೇ ಇಂಗ್ಲಿಷ್ ಮೆನು ಮಾಡಿಸಿದ್ದೆವು. ಎಣ್ಣೆಗಾಯಿ ಎಂಬ ಹೆಸರು "ಆಯಿಲ್ ಬ್ರಿಂಜಾಲ್" ಆಗಿತ್ತು. ಕೆಳಗೆ "ವಿತ್ ಗ್ರಾಮ್ ಸೀಡ್ ಮಸಾಲಾ" ಅಂತ ಇತ್ತು. ನಾವು ಯಾರೂ ಸರಿಯಾಗಿ ಓದಿ ನೋಡಲಿಲ್ಲ.

ಹೋದ ವಾರ ಒಬ್ಬರು ಅದನ್ನು ತರಿಸಿಕೊಂಡರು. ಎರಡನೇ ತುತ್ತಿಗೆ ಕೈ ನಿಲ್ಲಿಸಿ ತುಟಿ ಮುಟ್ಟಿ ನೋಡಿಕೊಂಡರು. ಬಡಿಸುವ ಹುಡುಗನನ್ನು ಕರೆದು "ಪೀನಟ್?" ಅಂತ ಕೇಳಿದರು. ಅವನು ಹೌದು ಅಂತ ತಲೆಯಾಡಿಸಿದ. ಅಷ್ಟರಲ್ಲಿ ಅವರ ತುಟಿ ಊದಿತ್ತು. ಪುಣ್ಯಕ್ಕೆ ಅವರ ಬ್ಯಾಗಿನಲ್ಲೇ ಇಂಜೆಕ್ಷನ್ ಇತ್ತು. ಚುಚ್ಚಿಕೊಂಡರು, ಆಮೇಲೆ ಅಣ್ಣ ಆಸ್ಪತ್ರೆಗೂ ಕರೆದುಕೊಂಡು ಹೋದ. ಈಗ ಚೆನ್ನಾಗಿದ್ದಾರೆ.

ತಪ್ಪು ಎಲ್ಲಾಗಿದೆ ಅಂತ ಆಮೇಲೆ ಗೊತ್ತಾಯಿತು. ಕಡಲೆಬೀಜವನ್ನು ಕಡಲೆ, ಬೀಜ ಅಂತ ಒಡೆದು "ಗ್ರಾಮ್ ಸೀಡ್" ಮಾಡಿಬಿಟ್ಟಿದ್ದರು. ಪೀನಟ್ ಅನ್ನುವ ಪದವೇ ಮೆನುವಿನಲ್ಲಿ ಇರಲಿಲ್ಲ. ಅಣ್ಣ ಅದೇ ರಾತ್ರಿ ಎಲ್ಲ ಟೇಬಲ್‌ಗಳಿಂದ ಮೆನು ತೆಗೆದುಬಿಟ್ಟ.

ಈಗ ಇಂಗ್ಲಿಷ್ ಮೆನುವನ್ನು ನಾನೇ ಮಾಡುತ್ತಿದ್ದೇನೆ. ಒಟ್ಟು 28 ಐಟಂ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಹೆಸರನ್ನು ಹಾಗೇ ಇಡಬೇಕಾ, ಅನುವಾದ ಮಾಡಬೇಕಾ? ಖಾರ ಎಷ್ಟು ಅಂತ ಹೇಗೆ ಹೇಳುವುದು? ಹುರಿದದ್ದು, ಕರಿದದ್ದು, ಬಸಿದದ್ದು, ಇವನ್ನೆಲ್ಲ ಓದುವವರಿಗೆ ಹೇಗೆ ಅರ್ಥ ಮಾಡಿಸುವುದು? ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ರಾಘು

ಹೆಸರನ್ನೂ ಪೂರ್ತಿ ಇಂಗ್ಲಿಷ್ ಮಾಡಿ. ಕನ್ನಡ ಬಾರದವರಿಗೆ ಎಣ್ಣೆಗಾಯಿ ಅಂತ ಓದುವುದಕ್ಕೂ ಬರುವುದಿಲ್ಲ, ಓದಿದರೂ ಏನೂ ಗೊತ್ತಾಗುವುದಿಲ್ಲ. "ಸ್ಟಫ್ಡ್ ಬ್ರಿಂಜಾಲ್ ಗ್ರೇವಿ" ಅಂದರೆ ಮುಗಿಯಿತು. ಪ್ರತಿ ಐಟಂ ಕೆಳಗೆ ನಾಲ್ಕು ಸಾಲು ಬರೆದರೆ ಯಾರೂ ಓದುವುದಿಲ್ಲ. ಹಸಿದು ಬಂದವರು ಬೇಗ ಆರ್ಡರ್ ಮಾಡಬೇಕು ಅಲ್ವಾ.

ಚಂದ್ರು

ಸುಮಾ ಅವರೇ, ನಾನು 18 ವರ್ಷ ಹೋಟೆಲ್ ಮತ್ತು ಹಡಗಿನ ಅಡುಗೆಮನೆಗಳಲ್ಲಿ ಕೆಲಸ ಮಾಡಿದವನು. ಏಳೆಂಟು ಮೆನು ಬರೆದಿದ್ದೇನೆ. ಸಾಲು ಚಿಕ್ಕದಿರಬೇಕು ಅಂತ ರಾಘು ಹೇಳಿದ್ದು ಸರಿ. ಹೆಸರಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ.

ಹೆಸರು ಇರುವುದು ಓದುವವರಿಗೆ ಅರ್ಥವಾಗಲಿ ಅಂತ ಅಲ್ಲ. ಕೂಗಿ ಹೇಳುವುದಕ್ಕೆ. ಗಿರಾಕಿ ಬಾಯಿಂದ ಬಂದ ಹೆಸರು ಬಡಿಸುವವನಿಗೆ ಗೊತ್ತಾಗಬೇಕು. ಅವನು ಅಡುಗೆಮನೆಗೆ ಕಳಿಸುವ ಆರ್ಡರ್ ಚೀಟಿಯಲ್ಲಿ ಬರೆದದ್ದು ಒಲೆ ಮುಂದೆ ನಿಂತವನಿಗೆ ಗೊತ್ತಾಗಬೇಕು. ಮೆನುವಿನಲ್ಲಿ "ಸ್ಟಫ್ಡ್ ಬ್ರಿಂಜಾಲ್" ಅಂತ ಮಾತ್ರ ಇದ್ದರೆ ಗಿರಾಕಿ ಅದನ್ನೇ ಹೇಳುತ್ತಾರೆ. ನಿಮ್ಮಲ್ಲಿ ಬದನೆಕಾಯಿಯದು ಎರಡು ಐಟಂ ಇದ್ದರೆ ಹುಡುಗ ಯಾವುದು ಬರೆದುಕೊಳ್ಳಬೇಕು? ಆದ್ದರಿಂದ ಎಣ್ಣೆಗಾಯಿ ಎಣ್ಣೆಗಾಯಿಯಾಗಿಯೇ ಇರಲಿ, ದಪ್ಪ ಅಕ್ಷರದಲ್ಲಿ. ನಾಳೆ ಅವರು ಸ್ನೇಹಿತರಿಗೆ ಹೇಳುವಾಗಲೂ ಆ ಹೆಸರನ್ನೇ ಹೇಳುತ್ತಾರೆ.

ಅರ್ಥ ಮಾಡಿಸುವ ಕೆಲಸ ಕೆಳಗಿನ ಒಂದು ಸಾಲಿನದು. ಆ ಸಾಲು ಮೊದಲು ಏನು ಅಂತ ಹೇಳಬೇಕು, ಆಮೇಲೆ ಹೇಗೆ ಮಾಡಿದ್ದು, ಕೊನೆಗೆ ತಟ್ಟೆಗೆ ಹೇಗೆ ಬರುತ್ತದೆ. ಗಟ್ಟಿಯಾಗಿಯಾ, ತೆಳ್ಳಗಾ, ಬಿಸಿಯಾಗಿಯಾ, ತಣ್ಣಗಾ. ಹದಿನೈದು ಪದ, ಹೆಚ್ಚೆಂದರೆ ಇಪ್ಪತ್ತು. "ರುಚಿಕರ", "ಸಾಂಪ್ರದಾಯಿಕ", "ಅಜ್ಜಿಯ ಕೈರುಚಿ" ಅಂತೆಲ್ಲ ಹಾಕಿದರೆ ಆ ಇಪ್ಪತ್ತು ಪದ ಅಲ್ಲೇ ಖರ್ಚಾಗಿಬಿಡುತ್ತದೆ.

"ಗ್ರೇವಿ" ಬೇಡ. ನಮ್ಮ ಹೋಟೆಲ್ ಇಂಗ್ಲಿಷಿನಲ್ಲಿ ಗ್ರೇವಿ ಅಂದರೆ ಮಸಾಲೆ ರಸ. ಇಂಗ್ಲೆಂಡು, ಅಮೆರಿಕದವರಿಗೆ ಗ್ರೇವಿ ಅಂದರೆ ಮಾಂಸ ಸುಟ್ಟಾಗ ಇಳಿಯುವ ರಸದಲ್ಲಿ ಮಾಡಿದ್ದು. ಸಸ್ಯಾಹಾರಿ ಗಿರಾಕಿ ಅದನ್ನು ಓದಿ ಆ ಐಟಂ ಬಿಟ್ಟುಬಿಡುತ್ತಾರೆ. "ಸಾಸ್" ಅಂತ ಬರೆಯಿರಿ. ನಮಗೆ ಸಾಸ್ ಅಂದರೆ ಟೊಮೆಟೊ ಬಾಟಲಿ ನೆನಪಾಗುತ್ತದೆ, ಅವರಿಗೆ ಆಗುವುದಿಲ್ಲ.

ಪದ್ಮಕ್ಕ

ಎಣ್ಣೆಗಾಯಿಗೆ ಕಡಲೆಬೀಜ ಯಾಕೆ ಹಾಕಿದಿರಿ ಸುಮಾ? ನಮ್ಮಲ್ಲಿ ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕುವುದು. ಅದರ ಜೊತೆ ಒಣಕೊಬ್ಬರಿ, ಹುಣಸೆ, ಚೂರು ಬೆಲ್ಲ. ಬದನೆಕಾಯಿ ಚಿಕ್ಕದಿರಬೇಕು, ತೊಟ್ಟು ತೆಗೆಯಬಾರದು. ತೊಟ್ಟು ಬಿಟ್ಟು ನಾಲ್ಕು ಸೀಳು ಹಾಕಿ ತುಂಬಿದರೆ ಒಡೆಯುವುದಿಲ್ಲ. ಎಣ್ಣೆ ಧಾರಾಳ ಹಾಕಿ, ಸಣ್ಣ ಉರಿ, ಮುಚ್ಚಳ ಮುಚ್ಚಿ. ಹುಚ್ಚೆಳ್ಳು ಹಾಕಿದರೆ ಈ ತೊಂದರೆಯೇ ಬರುತ್ತಿರಲಿಲ್ಲ.

ಸುಮಾ

ಪದ್ಮಕ್ಕ, ನಮ್ಮ ಭಟ್ಟರು ಕಡಲೆಬೀಜ, ಬಿಳಿ ಎಳ್ಳು ಎರಡೂ ಹಾಕುತ್ತಾರೆ. ಗಿರಾಕಿಗಳು ಅದನ್ನೇ ಇಷ್ಟಪಡುತ್ತಾರೆ. ಈಗ ಬದಲಾಯಿಸಲು ಆಗುವುದಿಲ್ಲ. ಆದರೂ ನೀವು ಬರೆದದ್ದು ನೋಡಿ ಒಂದು ವಿಷಯ ಹೊಳೆಯಿತು. ನಾನು ನೆಟ್ಟಿನಲ್ಲಿ ಎಣ್ಣೆಗಾಯಿಯ ವಿವರಣೆ ಹುಡುಕಿ ಅದನ್ನೇ ಹಾಕಬೇಕು ಅಂತಿದ್ದೆ. ಅಲ್ಲಿ ಯಾರದೋ ಮನೆಯ ಎಣ್ಣೆಗಾಯಿ ಇರುತ್ತದೆ, ನಮ್ಮದಲ್ಲ.

ಚಂದ್ರು

ಪದ್ಮಕ್ಕ ರೆಸಿಪಿ ಹೇಳಲು ಹೋಗಿ ಮುಖ್ಯವಾದ ಮಾತನ್ನೇ ಹೇಳಿದ್ದಾರೆ. ಹೆಸರು ಒಂದೇ ಇದ್ದರೂ ಒಳಗಿರುವುದು ಒಂದೇ ಅಲ್ಲ. ಸುಮಾ, ನಾಳೆ ಬೆಳಿಗ್ಗೆ ಪೆನ್ನು ಹಿಡಿದು ಭಟ್ಟರ ಪಕ್ಕ ನಿಲ್ಲಿ. ಕೇಳಬೇಡಿ, ನೋಡಿ. ಕೇಳಿದರೆ ಮುಖ್ಯ ಸಾಮಾನು ಮಾತ್ರ ಹೇಳುತ್ತಾರೆ. ಒಗ್ಗರಣೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಗ್ಗರಣೆಯಲ್ಲಿ ಎರಡು ಕಣ್ಣಿಗೆ ಬೀಳದ ವಸ್ತು ಇರುತ್ತವೆ. ಒಂದು ಸಾಸಿವೆ. ಯುರೋಪಿನ ನಿಯಮದಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಿವೆ. ಅದರಲ್ಲಿ ಸಾಸಿವೆಯೂ ಇದೆ, ಎಳ್ಳೂ ಇದೆ. ಅಮೆರಿಕದವರು ಎಳ್ಳನ್ನು 2023ರಿಂದ ಅವರ ಪಟ್ಟಿಗೆ ಸೇರಿಸಿದ್ದಾರೆ. ಅಲ್ಲಿಂದ ಬಂದವರು ಇವನ್ನು ಮೆನುವಿನಲ್ಲಿ ಹುಡುಕುತ್ತಾರೆ, ಕಾಣದಿದ್ದರೆ ಇಲ್ಲ ಅಂದುಕೊಳ್ಳುತ್ತಾರೆ. ಇನ್ನೊಂದು ಇಂಗು. ಡಬ್ಬಿ ತಿರುಗಿಸಿ ಓದಿ. ನಾವು ಬಳಸುವ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ ಬೆರೆಸಿರುತ್ತಾರೆ. ಗೋಧಿ ಇದ್ದರೆ ಆ ಐಟಂಗೆ "ಗ್ಲೂಟನ್ ಫ್ರೀ" ಅಂತ ಬರೆಯುವ ಹಾಗಿಲ್ಲ, ಅದು ಬರೀ ಬೇಳೆ ಸಾರೇ ಆಗಿದ್ದರೂ.

ಇನ್ನೊಂದು, "ಗ್ರೌಂಡ್‌ನಟ್" ಅಂತಲೂ ಬರೆಯಬೇಡಿ. ನಮ್ಮ ಇಂಗ್ಲಿಷಿನಲ್ಲಿ ಅದು ಸರಿ, ಆದರೆ ಹೊರಗಿನವರಲ್ಲಿ ಎಷ್ಟೋ ಜನಕ್ಕೆ ಅದು ಪೀನಟ್ ಅಂತ ತಕ್ಷಣ ಹೊಳೆಯುವುದಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ಪದ ಎಲ್ಲರಿಗೂ ಗೊತ್ತಿರುವ ಪದವೇ ಆಗಿರಬೇಕು.

ನಾಗವೇಣಿ

ನಾನು ಅನುವಾದಕಿ, ಅಡುಗೆಯವಳಲ್ಲ. ಆದರೆ ಇಲ್ಲಿ ಭಾಷೆಯ ಕಡೆಯಿಂದ ಹೇಳುವುದು ಇದೆ.

ನಮ್ಮ "ಹುರಿ" ತುಂಬ ದೊಡ್ಡ ಪದ. ರವೆ ಹುರಿಯುತ್ತೇವೆ, ಅಲ್ಲಿ ಎಣ್ಣೆ ಇಲ್ಲದೆಯೂ ಆಗುತ್ತದೆ. ಈರುಳ್ಳಿ ಹುರಿಯುತ್ತೇವೆ, ಅಲ್ಲಿ ಸ್ವಲ್ಪ ಎಣ್ಣೆ ಇದೆ. ಮೀನು ಹುರಿಯುತ್ತೇವೆ, ಅಲ್ಲಿ ಜಾಸ್ತಿ ಎಣ್ಣೆ ಇದೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪದ. ಮೊದಲನೆಯದು "ಡ್ರೈ ರೋಸ್ಟೆಡ್", ಎರಡನೆಯದು "ಸೊಟೇಡ್", ಮೂರನೆಯದು "ಪ್ಯಾನ್ ಫ್ರೈಡ್". ಎಲ್ಲಕ್ಕೂ "ಫ್ರೈ" ಅಂತ ಬರೆದರೆ ಓದುವವರು ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು ಅಂದುಕೊಳ್ಳುತ್ತಾರೆ. ಬೆಂಡೆಕಾಯಿ ಪಲ್ಯಕ್ಕೆ "ಫ್ರೈ" ಅಂತ ಬರೆದರೆ ಗರಿಗರಿಯಾಗಿ ಬರುತ್ತದೆ ಅಂತ ಕಾಯುತ್ತಾರೆ, ಮೆತ್ತಗೆ ಬಂದಾಗ ಬೇಸರವಾಗುತ್ತದೆ.

"ಬೇಯಿಸು" ಕೂಡ ಹಾಗೇ. ನೀರಿನಲ್ಲಿ ಬೇಯಿಸಿದ್ದಾ, ಹಬೆಯಲ್ಲಾ? ಕನ್ನಡದಲ್ಲಿ ಹೇಳದಿದ್ದರೂ ನಮಗೆ ಗೊತ್ತಿರುತ್ತದೆ. ಕಡುಬು ಅಂದರೆ ಹಬೆಯಲ್ಲೇ ಅಲ್ವಾ. ಅವರಿಗೆ ಅದನ್ನು ಹೇಳಲೇಬೇಕು.

ಅನುವಾದ ಮಾಡುವಾಗ ನಾನು ಕನ್ನಡ ಪದ ಬಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎಣ್ಣೆ ಎಷ್ಟು? ನೀರು ಎಷ್ಟು? ಮುಚ್ಚಳ ಇತ್ತಾ? ಎಣ್ಣೆಗಾಯಿಗೆ ಪದ್ಮಕ್ಕ ಹೇಳಿದ್ದು ನೋಡಿ. ಎಣ್ಣೆ ಧಾರಾಳ, ನೀರು ಇಲ್ಲ ಅನ್ನುವಷ್ಟು, ಮುಚ್ಚಳ ಇದೆ, ಉರಿ ಸಣ್ಣ. ಅದು ಫ್ರೈಡ್ ಅಲ್ಲ, "ಸ್ಲೋ ಕುಕ್ಡ್". "ಆಯಿಲ್ ಬ್ರಿಂಜಾಲ್" ಅಂತ ಓದಿದವರ ಕಣ್ಣ ಮುಂದೆ ಎಣ್ಣೆಯಲ್ಲಿ ತೇಲುವ ಬದನೆಕಾಯಿ ಬರುತ್ತದೆ. ಎಣ್ಣೆಗಾಯಿ ಅಂದಾಗ ನಮಗೆ ಎಣ್ಣೆ ನೆನಪಾಗುವುದೇ ಇಲ್ಲ.

ಹೆಸರನ್ನು ಪದಕ್ಕೆ ಪದ ಅನುವಾದ ಮಾಡಿ ಕೆಡಿಸಿಕೊಂಡವರು ನಾವಷ್ಟೇ ಅಲ್ಲ. ಚೀನಾದಲ್ಲಿ ಫುಚಿ ಫೆಪಿಯಾನ್ ಅಂತ ಒಂದು ತಿನಿಸು ಇದೆ, ತೆಳ್ಳಗೆ ಹೆಚ್ಚಿದ ದನದ ಮಾಂಸಕ್ಕೆ ಖಾರದ ಎಣ್ಣೆ ಹಾಕಿದ್ದು. ಎಷ್ಟೋ ಮೆನುಗಳಲ್ಲಿ ಅದು "ಗಂಡ ಹೆಂಡತಿಯ ಶ್ವಾಸಕೋಶದ ತುಂಡು" ಅಂತ ಇಂಗ್ಲಿಷಾಗಿತ್ತು. ಹೆಸರಿನ ಅಕ್ಷರಾರ್ಥ ಸುಮಾರಾಗಿ ಅದೇ. 2008ರ ಒಲಿಂಪಿಕ್ಸ್‌ಗೆ ಮೊದಲು ಬೀಜಿಂಗ್ ಆಡಳಿತ ಇಂಥ ಹೆಸರುಗಳಿಗೆ ಇಂಗ್ಲಿಷ್ ಪಟ್ಟಿಯನ್ನೇ ಮಾಡಿ ಹೋಟೆಲುಗಳಿಗೆ ಸೂಚಿಸಿತು.

ರಾಘು

ಚಂದ್ರು ಅವರೇ, ಕೂಗಿ ಹೇಳುವುದಕ್ಕೆ ಹೆಸರು ಬೇಕು ಅನ್ನುವುದನ್ನು ಒಪ್ಪಿದೆ. ಆದರೆ ಪನೀರ್‌ಗೆ ಏನು ಮಾಡುತ್ತೀರಿ? "ಕಾಟೇಜ್ ಚೀಸ್" ಅಂತ ಎಲ್ಲ ಕಡೆ ಇದೆ.

ಚಂದ್ರು

ಪನೀರ್ ಅಂತಲೇ ಬಿಡಿ ರಾಘು. ಕಾಟೇಜ್ ಚೀಸ್ ಅಂದರೆ ಅವರಿಗೆ ಡಬ್ಬಿಯಲ್ಲಿ ಬರುವ, ಚಮಚದಲ್ಲಿ ತಿನ್ನುವ ಉದುರು ಉದುರಾದ ಹುಳಿ ಗಿಣ್ಣು. ನಮ್ಮ ಗಟ್ಟಿ ತುಂಡಿಗೂ ಅದಕ್ಕೂ ಸಂಬಂಧ ಇಲ್ಲ.

ಇಂಥ ಇನ್ನೂ ಒಂದು ಪದ ಮಾತ್ರ ಹೇಳುತ್ತೇನೆ, ಯಾಕಂದರೆ ನಾನೇ ಕಣ್ಣಾರೆ ಕಂಡಿದ್ದು. ನುಗ್ಗೆಕಾಯಿ ಹುಳಿಗೆ ಮೆನುವಿನಲ್ಲಿ "ಡ್ರಮ್‌ಸ್ಟಿಕ್" ಅಂತ ಹಾಕಿದ್ದೆವು. ಒಬ್ಬ ಸಸ್ಯಾಹಾರಿ ಹೆಂಗಸು ಮೂರು ದಿನ ನಮ್ಮಲ್ಲಿ ಉಂಡರು, ಮೂರೂ ದಿನ ಅದನ್ನು ಮುಟ್ಟಲಿಲ್ಲ. ಕೊನೆಗೆ ಕೇಳಿದರೆ, ಸಸ್ಯಾಹಾರದ ಪುಟದಲ್ಲಿ ಕೋಳಿ ಕಾಲು ಯಾಕೆ ಇದೆ ಅಂದರು. ಡ್ರಮ್‌ಸ್ಟಿಕ್ ಅಂದರೆ ಅವರಿಗೆ ಕೋಳಿ ಕಾಲೇ. ಆಮೇಲೆ "ಮೊರಿಂಗಾ ಪಾಡ್ಸ್" ಅಂತ ಬದಲಾಯಿಸಿದೆವು. ಜೊತೆಗೆ ಸಿಪ್ಪೆ ಜಗಿದು ಉಗಿಯಬೇಕು ಅಂತಲೂ ಬರೆದೆವು. ಗೊತ್ತಿಲ್ಲದವರು ಅದನ್ನು ನುಂಗಲು ನೋಡುತ್ತಾರೆ.

ಲತಾ

ನನ್ನದೂ ಇದೇ ಸಮಸ್ಯೆ. ಮನೆಯಿಂದಲೇ ಊಟ ಮಾಡಿ ಡೆಲಿವರಿ ಆ್ಯಪಿನಲ್ಲಿ ಹಾಕುತ್ತೇನೆ. ವಿವರಣೆ ಎಷ್ಟು ಚೆನ್ನಾಗಿ ಬರೆದರೂ ಮೊಬೈಲಿನಲ್ಲಿ ಮೊದಲ ಐದಾರು ಪದ ಕಾಣಿಸಿ ಮುಂದೆ ಚುಕ್ಕಿ ಬರುತ್ತದೆ. ಫೋಟೋ ಹಾಕಿದರೆ ಸಾಕಲ್ವಾ? ಎಲ್ಲರೂ ಫೋಟೋ ನೋಡಿಯೇ ತರಿಸಿಕೊಳ್ಳುವುದು.

ಚಂದ್ರು

ಲತಾ ಅವರೇ, ಫೋಟೋದಲ್ಲಿ ಕಡಲೆಬೀಜ ಕಾಣುವುದಿಲ್ಲ. ರುಬ್ಬಿದ ಮೇಲೆ ಎಲ್ಲ ಮಸಾಲೆಯೂ ಕಂದು. ಸಾಲು ಕತ್ತರಿಸಿ ಹೋಗುತ್ತದೆ ಅಂದರೆ ಆ ಐದಾರು ಪದದಲ್ಲೇ ಪೀನಟ್ ಬರುವ ಹಾಗೆ ಬರೆಯಿರಿ. "ಪೀನಟ್ ಸ್ಟಫ್ಡ್ ಬೇಬಿ ಎಗ್‌ಪ್ಲಾಂಟ್" ಅಂತ ಶುರು ಮಾಡಿ. ಉಳಿದದ್ದು ಕತ್ತರಿಸಿ ಹೋದರೂ ಪರವಾಗಿಲ್ಲ.

ಇಮ್ರಾನ್

ಖಾರದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಅಳತೆ ಇದೆ. ಸ್ಕೋವಿಲ್ ಅಂತ. ಯಾವ ಮೆಣಸಿನಕಾಯಿ ಎಷ್ಟು ಸ್ಕೋವಿಲ್ ಅಂತ ನೆಟ್ಟಿನಲ್ಲಿ ಸಿಗುತ್ತದೆ. ಪ್ರತಿ ಐಟಂ ಮುಂದೆ ಆ ನಂಬರ್ ಹಾಕಿಬಿಡಿ. ಯಾವ ದೇಶದವರಿಗಾದರೂ ಅರ್ಥವಾಗುತ್ತದೆ, ಭಾಷೆಯೇ ಬೇಡ.

ಚಂದ್ರು

ಇಮ್ರಾನ್, ಅಳತೆ ಇರುವುದು ನಿಜ. ಆದರೆ ಅದು ಮೆಣಸಿನಕಾಯಿಯದು, ಅಡುಗೆಯದಲ್ಲ. ಅದೇ ನಾಲ್ಕು ಮೆಣಸಿನಕಾಯಿಯನ್ನು ಒಂದು ಲೀಟರ್ ತಿಳಿಸಾರಿಗೆ ಹಾಕಿದರೆ ಒಂದು ಖಾರ. ಒಂದು ಬಟ್ಟಲು ಚಟ್ನಿಗೆ ಹಾಕಿದರೆ ಇನ್ನೊಂದು. ಕೊಬ್ಬರಿ, ಬೆಲ್ಲ, ಮೊಸರು ಸೇರಿದರೆ ಇನ್ನೂ ಬೇರೆ. ಊಟಕ್ಕೆ ಕೂತವರು ನಂಬರ್ ನೋಡಿ ಏನು ತೀರ್ಮಾನ ಮಾಡಬೇಕು?

ಬಣ್ಣವನ್ನೂ ನಂಬಬೇಡಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಸಾರು ಕೆಂಡದ ಹಾಗೆ ಕೆಂಪಗಿರುತ್ತದೆ, ಖಾರ ಕಡಿಮೆ. ಹಸಿಮೆಣಸಿನಕಾಯಿ ಚಟ್ನಿ ತಣ್ಣಗೆ ಹಸಿರಾಗಿ ಕೂತಿರುತ್ತದೆ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಗಿರಾಕಿ ಬಣ್ಣ ನೋಡಿಯೇ ಊಹೆ ಮಾಡುತ್ತಾರೆ. ಆ ಊಹೆ ತಪ್ಪಾಗುವ ಐಟಂಗಳಿಗೆ ಮೆನುವಿನಲ್ಲಿ ಎರಡು ಪದ ಜಾಸ್ತಿ ಕೊಡಿ.

ಪದದಲ್ಲೂ ಒಂದು ಗೊಂದಲ ಇದೆ. ನಮಗೆ ಖಾರ ಬೇರೆ, ಮಸಾಲೆ ಬೇರೆ. ಚಕ್ಕೆ ಲವಂಗ ಹಾಕಿದ ಪಲಾವಿಗೆ ಮಸಾಲೆ ಇದೆ, ಖಾರ ಇಲ್ಲದೇ ಇರಬಹುದು. ಇಂಗ್ಲಿಷಿನ "ಸ್ಪೈಸಿ" ಎರಡಕ್ಕೂ ನಡೆಯುತ್ತದೆ. "ಹಾಟ್" ಅಂದರೆ ಬಿಸಿಯೂ ಹೌದು, ಖಾರವೂ ಹೌದು. "ಹಾಟ್ ಸಾರು" ಅಂದರೆ ಏನಂತ ತಿಳಿಯಬೇಕು? ಅದಕ್ಕೆ ನಾನು ಯಾವಾಗಲೂ ಖಾರಕ್ಕೆ "ಚಿಲ್ಲಿ ಹೀಟ್", ಮಸಾಲೆಗೆ "ಸ್ಪೈಸ್ಡ್", ಬಿಸಿಗೆ "ಸರ್ವ್ಡ್ ಹಾಟ್" ಅಂತ ಬೇರೆ ಬೇರೆ ಬರೆಯುತ್ತೇನೆ. ಕರಿಮೆಣಸಿನ ಖಾರ ಇದ್ದರೆ "ಪೆಪ್ಪರಿ". ಅದು ಗಂಟಲಲ್ಲಿ ಹತ್ತುವ ಖಾರ, ನಾಲಿಗೆಯದಲ್ಲ.

ಸುಮಾ

ಸರ್, ಹಾಗಾದರೆ ಒಂದು ಮೆಣಸಿನಕಾಯಿ, ಎರಡು ಮೆಣಸಿನಕಾಯಿ ಅಂತ ಚಿತ್ರ ಹಾಕುವುದನ್ನು ಹೇಗೆ ನಿರ್ಧಾರ ಮಾಡುವುದು? ಭಟ್ಟರನ್ನು ಕೇಳಿದರೆ "ಯಾವುದೂ ಖಾರ ಇಲ್ಲಮ್ಮ" ಅಂತಾರೆ. ಅವರಿಗೆ ನಿಜವಾಗಿಯೂ ಖಾರ ಅನ್ನಿಸುವುದಿಲ್ಲ.

ಚಂದ್ರು

ಅಡುಗೆಯವರನ್ನು ಕೇಳಬಾರದು, ನನ್ನನ್ನೂ ಕೇಳಬಾರದು. ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿರುತ್ತದೆ.

ನಾನು ಮಾಡುತ್ತಿದ್ದದ್ದು ಹೀಗೆ. ಅಡುಗೆಮನೆಗೆ ಸಂಬಂಧವಿಲ್ಲದ ಐದು ಜನ ಕೂರಿಸಿ. ಅದರಲ್ಲಿ ಇಬ್ಬರಾದರೂ ಮನೆಯಲ್ಲಿ ಖಾರ ಕಡಿಮೆ ತಿನ್ನುವವರಾಗಿರಲಿ. ನಿಮ್ಮ ಮೆನುವಿನಲ್ಲೇ ಮಧ್ಯಮ ಖಾರದ, ದಿನವೂ ಒಂದೇ ರೀತಿ ಬರುವ ಒಂದು ಐಟಂ ಆರಿಸಿ. ಅದೇ ನಿಮ್ಮ ಎರಡು ಮೆಣಸಿನಕಾಯಿ. ಉಳಿದವನ್ನು ಅದಕ್ಕಿಂತ ಕಡಿಮೆಯಾ, ಸಮವಾ, ಜಾಸ್ತಿಯಾ ಅಂತ ಮಾತ್ರ ಕೇಳಿ. ಒಂದು ಐಟಂ ಆದ ಮೇಲೆ ಮೊಸರನ್ನ ಒಂದು ತುತ್ತು ತಿನ್ನಿಸಿ ಸ್ವಲ್ಪ ಹೊತ್ತು ಬಿಡಿ. ನೀರು ಕೊಡಬೇಡಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಹಿಂದಿನ ಐಟಂನ ಖಾರ ಹಾಗೇ ಉಳಿದು ಮುಂದಿನದಕ್ಕೆ ಸೇರಿಕೊಳ್ಳುತ್ತದೆ. ಒಂದು ದಿನಕ್ಕೆ ಆರೇಳು ಐಟಂಗಿಂತ ಜಾಸ್ತಿ ಬೇಡ, ಆಮೇಲೆ ಯಾರ ನಾಲಿಗೆಯೂ ಕೆಲಸ ಮಾಡುವುದಿಲ್ಲ.

ಐದು ಜನರ ಮಾತು ಹೊಂದದಿದ್ದರೆ ಜಾಸ್ತಿ ಖಾರ ಅಂದವರ ಮಾತು ತೆಗೆದುಕೊಳ್ಳಿ. ಕಡಿಮೆ ಅಂತ ನಂಬಿ ತರಿಸಿಕೊಂಡವರು ತಟ್ಟೆ ತಳ್ಳಿ ಏಳುತ್ತಾರೆ. ಜಾಸ್ತಿ ಅಂತ ನಂಬಿದವರಿಗೆ ಕಡಿಮೆ ಸಿಕ್ಕರೆ ಚಟ್ನಿ ಕೇಳುತ್ತಾರೆ ಅಷ್ಟೆ.

ಕೊನೆಯದು, ಇದನ್ನು ಬಹಳ ಜನ ಮರೆಯುತ್ತಾರೆ. ಮೆನುವಿನ ಕೆಳಗೆ "ಖಾರ ಕಡಿಮೆ ಬೇಕಿದ್ದರೆ ಹೇಳಿ" ಅಂತ ಸುಮ್ನೆ ಬರೆಯಬೇಡಿ. ಎಣ್ಣೆಗಾಯಿಯ ಮಸಾಲೆ ಬೆಳಿಗ್ಗೆಯೇ ರುಬ್ಬಿ ತುಂಬಿ ಆಗಿರುತ್ತದೆ. ಒಳಗಿನ ಖಾರ ಈಚೆ ತೆಗೆಯಲು ಆಗುವುದಿಲ್ಲ. ಆರ್ಡರ್ ಬಂದ ಮೇಲೆ ಮಾಡುವ ಐಟಂ ಯಾವುವು, ಮೊದಲೇ ಆಗಿರುವವು ಯಾವುವು ಅಂತ ಭಟ್ಟರ ಹತ್ತಿರ ಬೇರೆ ಮಾಡಿಸಿ. ಮೊದಲನೆಯದಕ್ಕೆ ಮಾತ್ರ "ಕ್ಯಾನ್ ಬಿ ಮೇಡ್ ಮೈಲ್ಡ್" ಅಂತ ಹಾಕಿ.

ಸುಮಾ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಭಟ್ಟರ ಪಕ್ಕ ನಿಂತು ನೋಡಿದೆ. ಎಣ್ಣೆಗಾಯಿಗೆ ಕಡಲೆಬೀಜ, ಬಿಳಿ ಎಳ್ಳು, ಒಣಕೊಬ್ಬರಿ, ಧನಿಯ, ಬ್ಯಾಡಗಿ, ಹುಣಸೆ, ಬೆಲ್ಲ. ಒಗ್ಗರಣೆಗೆ ಸಾಸಿವೆ, ಕರಿಬೇವು, ಇಂಗು. ಇಂಗಿನ ಡಬ್ಬಿ ತಿರುಗಿಸಿ ಓದಿದೆ. ಗೋಧಿ ಹಿಟ್ಟು ಇದೆ! ಇಷ್ಟು ವರ್ಷ ಆ ಡಬ್ಬಿ ನಮ್ಮ ಮನೆಯಲ್ಲೂ ಇತ್ತು, ಒಂದು ದಿನವೂ ಓದಿರಲಿಲ್ಲ.

ಖಾರದ ರುಚಿ ನೋಡಲು ಪಕ್ಕದ ಮನೆಯವರು, ನನ್ನ ಕಾಲೇಜಿನ ಇಬ್ಬರು ಗೆಳತಿಯರು ಬಂದರು. ಹುಳಿಯನ್ನು ಎರಡು ಮೆಣಸಿನಕಾಯಿ ಅಂತ ಇಟ್ಟೆವು. ಎಣ್ಣೆಗಾಯಿ ಮೂರು ಬರುತ್ತದೆ ಅಂದುಕೊಂಡಿದ್ದೆ, ಬಣ್ಣ ಹಾಗಿದೆ. ಐದರಲ್ಲಿ ನಾಲ್ಕು ಜನ ಹುಳಿಗಿಂತ ಕಡಿಮೆ ಅಂದರು, ಒಬ್ಬರು ಸಮ ಅಂದರು. ಚಂದ್ರು ಸರ್ ಹೇಳಿದ ಹಾಗೆ ಆ ಒಬ್ಬರ ಮಾತು ಹಿಡಿದು ಎರಡು ಹಾಕಿದೆ.

ಈಗ ಎಣ್ಣೆಗಾಯಿ ಹೀಗಿದೆ. ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಪಕ್ಕ ಎರಡು ಮೆಣಸಿನಕಾಯಿ. ಕೆಳಗಿನ ಸಾಲು: "ಹೋಲ್ ಬೇಬಿ ಎಗ್‌ಪ್ಲಾಂಟ್ಸ್ ಸ್ಟಫ್ಡ್ ವಿತ್ ರೋಸ್ಟೆಡ್ ಪೀನಟ್, ಸೆಸಮಿ ಅಂಡ್ ಕೊಕೊನಟ್, ಸ್ಲೋ ಕುಕ್ಡ್ ಇನ್ ಎ ಥಿಕ್ ಟ್ಯಾಮರಿಂಡ್ ಸಾಸ್." ಅದರ ಕೆಳಗೆ ಬೇರೆ ಸಾಲಿನಲ್ಲಿ: "ಕಂಟೇನ್ಸ್ ಪೀನಟ್, ಸೆಸಮಿ, ಮಸ್ಟರ್ಡ್, ವೀಟ್."

ಬ್ರಿಂಜಾಲ್ ಬಿಟ್ಟು ಎಗ್‌ಪ್ಲಾಂಟ್ ಮಾಡಿದ್ದೇನೆ. ಸರಿನಾ?

ನಾಗವೇಣಿ

ತುಂಬ ಚೆನ್ನಾಗಿದೆ ಸುಮಾ. ಬ್ರಿಟನ್ನಿನವರು ಆಬರ್ಜೀನ್ ಅಂತಾರೆ, ಆದರೆ ಎಗ್‌ಪ್ಲಾಂಟ್ ಅಂದರೂ ಅವರಿಗೆ ಗೊತ್ತಾಗುತ್ತದೆ. ಬೇರೆ ರಾಜ್ಯದವರಿಗೆ ಮಾತ್ರ ಬ್ರಿಂಜಾಲ್ ಅಂದರೇ ಬೇಗ ಹೊಳೆಯುವುದು. ನಿಮ್ಮಲ್ಲಿ ಯಾರು ಜಾಸ್ತಿ ಬರುತ್ತಾರೆ ನೋಡಿಕೊಳ್ಳಿ. ಯಾವುದನ್ನು ಹಿಡಿದರೂ 28 ಐಟಂನಲ್ಲೂ ಅದೇ ಇರಲಿ. ಒಂದು ಪುಟದಲ್ಲಿ ಬ್ರಿಂಜಾಲ್, ಇನ್ನೊಂದರಲ್ಲಿ ಎಗ್‌ಪ್ಲಾಂಟ್ ಇದ್ದರೆ ಎರಡು ಬೇರೆ ತರಕಾರಿ ಅಂದುಕೊಳ್ಳುತ್ತಾರೆ.

ಸುಮಾ

ಬಸ್ಸಾರು ಇನ್ನೂ ಆಗಿಲ್ಲ. "ವೆಜ್ ಸೂಪ್" ಅಂತ ಇತ್ತು. ಅದನ್ನು ಓದಿ ಒಬ್ಬರು ಊಟಕ್ಕೆ ಮೊದಲು ಚಮಚದಲ್ಲಿ ಕುಡಿಯುತ್ತಾ ಕೂತಿದ್ದರು. ಮುದ್ದೆ ಬರುವಷ್ಟರಲ್ಲಿ ಸಾರು ಖಾಲಿ.

ನಾಗವೇಣಿ

ಬಸಿದ ಸಾರು ಬಸ್ಸಾರು. ಹೆಸರಿನಲ್ಲೇ ವಿಧಾನ ಇದೆ. "ಬ್ರಾತ್" ಅನ್ನಬಹುದು. "ಬ್ರಾತ್ ಆಫ್ ಲೆಂಟಿಲ್ಸ್ ಅಂಡ್ ಗ್ರೀನ್ಸ್".

ಚಂದ್ರು

ಬ್ರಾತ್ ಅಂದರೆ ಬಹಳ ಜನ ಮೂಳೆ ಬೇಯಿಸಿದ ನೀರು ಅಂದುಕೊಳ್ಳುತ್ತಾರೆ. ಸಸ್ಯಾಹಾರಿಗಳು ಹಿಂದೆ ಸರಿಯುತ್ತಾರೆ. ಬ್ರಾತ್ ಅಂತ ಓದಿದವರೂ ಚಮಚದಲ್ಲೇ ಕುಡಿಯುತ್ತಾರೆ.

ರಾಘು

ಬೇಳೆ ಸೊಪ್ಪು ಬೇಯಿಸಿ ಬಸಿದ ನೀರು ಅಂತ ಇದ್ದದ್ದು ಇದ್ದ ಹಾಗೆ ಬರೆದರೆ ಆಗುವುದಿಲ್ವಾ?

ನಾಗವೇಣಿ

ಆಗುತ್ತದೆ, ಆದರೆ "ಕುಕಿಂಗ್ ವಾಟರ್" ಅಂತ ಓದಿದವರಿಗೆ ಚೆಲ್ಲಬೇಕಾದ ನೀರನ್ನು ಬಡಿಸಿದ ಹಾಗೆ ಅನ್ನಿಸುತ್ತದೆ. ಬಸಿದ ಕಟ್ಟಿಗೆ ರುಬ್ಬಿದ ಮಸಾಲೆ ಸೇರಿ, ಕುದ್ದು, ಮಾರನೆಯ ದಿನಕ್ಕೆ ಇನ್ನೂ ರುಚಿ ಬರುವ ಸಾರು ಅದು. "ವಾಟರ್" ಅಂತ ಹಾಕಲು ನನಗೆ ಮನಸ್ಸಿಲ್ಲ.

ಪದ್ಮಕ್ಕ

ಬಸಿದ ಬೇಳೆ ಸೊಪ್ಪು ಪಲ್ಯ ಆಗುತ್ತದೆ, ಅದನ್ನೂ ಬರೆಯಿರಿ. ಎರಡನ್ನೂ ಜೊತೆಗೇ ಬಡಿಸುವುದು. ಪಲ್ಯ ಬಿಟ್ಟು ಸಾರು ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ.

ಚಂದ್ರು

ಪದ್ಮಕ್ಕ ಹೇಳಿದ್ದು ದಾರಿ ತೋರಿಸುತ್ತದೆ. ಸಾರನ್ನು ಒಂದೇ ಪದದಲ್ಲಿ ಹಿಡಿಯುವುದು ಬಿಟ್ಟು ಜೋಡಿಯಾಗಿ ಹೇಳಿ. ತೆಳ್ಳಗಿನ ಮಸಾಲೆ ಸಾರು, ಅದೇ ಬೇಳೆ ಸೊಪ್ಪಿನ ಪಲ್ಯ, ಅನ್ನ ಅಥವಾ ಮುದ್ದೆಯ ಜೊತೆ. "ಥಿನ್ ಸ್ಪೈಸ್ಡ್ ಕರಿ, ಟು ಪೋರ್ ಓವರ್ ರೈಸ್" ಅಂತ ನಾನು ಬರೆಯುತ್ತಿದ್ದೆ. "ಟು ಪೋರ್ ಓವರ್ ರೈಸ್" ಅಂದ ತಕ್ಷಣ ಚಮಚ ಕೆಳಗಿಡುತ್ತಾರೆ. ಆದರೆ ಕರಿ ಅಂದರೆ ಅವರ ಕಣ್ಣ ಮುಂದೆ ದಪ್ಪ ರಸ ಬರುತ್ತದೆ, ಅದೊಂದು ನನಗೂ ಸಮಾಧಾನ ಇಲ್ಲ.

ನಾಗವೇಣಿ

ಕರಿ ನನಗೂ ಒಪ್ಪಿಗೆ ಇಲ್ಲ. ಸಾರು ಅಂತಲೇ ಬಿಟ್ಟು, ಮೆನುವಿನ ಮೊದಲ ಪುಟದಲ್ಲಿ ಸಾರು, ಹುಳಿ, ಪಲ್ಯ, ಗೊಜ್ಜು ಈ ನಾಲ್ಕು ಪದ ಒಮ್ಮೆ ವಿವರಿಸಿದರೆ? ಆಮೇಲೆ ಎಲ್ಲ ಕಡೆ ಹಾಗೇ ಬಳಸಬಹುದು.

ಚಂದ್ರು

ಮೊದಲ ಪುಟ ಓದುವವರು ಕಡಿಮೆ. ನೇರ ಊಟದ ಪುಟಕ್ಕೆ ಹೋಗುತ್ತಾರೆ. ಆದರೂ ನೀವು ಹೇಳಿದ್ದನ್ನು ತೆಗೆದುಹಾಕುವುದಿಲ್ಲ. ಎರಡೂ ಬರೆದು ನೋಡಲಿ.

ಸುಮಾ, ಪ್ರಿಂಟ್ ಮಾಡಿಸುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲೇ ಪ್ರಿಂಟ್ ತೆಗೆದ ಹಾಳೆಯನ್ನು ಕನ್ನಡ ಬಾರದ ಗಿರಾಕಿಯ ಕೈಗೆ ಕೊಡಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಇದನ್ನು ತರಿಸಿದರೆ ತಟ್ಟೆಯಲ್ಲಿ ಏನು ಬರುತ್ತದೆ ಹೇಳಿ" ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಆಮೇಲೆ ಆ ಐಟಂ ತಂದಿಟ್ಟು ಮುಖ ನೋಡಿ.

ಸುಮಾ

ಮಾಡಿದೆ ಸರ್. ನಿನ್ನೆ ಮಧ್ಯಾಹ್ನ ಇಬ್ಬರು ಬಂದಿದ್ದರು, ಗಂಡ ಹೆಂಡತಿ. ಖುಷಿಯಿಂದ ಒಪ್ಪಿಕೊಂಡರು.

ಎಣ್ಣೆಗಾಯಿ ಓದಿ ಆಕೆ ಕೈಯಲ್ಲೇ ತೋರಿಸಿದರು. ಬೆರಳಿನ ಗಾತ್ರದ ಬದನೆ, ಒಳಗೆ ಪೀನಟ್, ಸುತ್ತ ಗಟ್ಟಿ ಸಾಸ್. ತಂದಿಟ್ಟಾಗ "ತೊಟ್ಟೂ ತಿನ್ನುವುದಾ?" ಅಂತ ಕೇಳಿದರು. ಅದು ನಮಗೆ ಹೊಳೆದೇ ಇರಲಿಲ್ಲ. ಬಡಿಸುವ ಹುಡುಗನಿಗೆ ಹೇಳಿಕೊಟ್ಟಿದ್ದೇನೆ.

ಬಸ್ಸಾರಿಗೆ ಚಂದ್ರು ಸರ್ ಸಾಲು ಹಾಕಿದ್ದೆ. ಗಂಡ ದಪ್ಪ ಕರಿ ಅಂತ ಊಹಿಸಿದರು. ತೆಳ್ಳಗೆ ಬಂದಾಗ ಏನೋ ಮರೆತು ನೀರು ಜಾಸ್ತಿ ಹಾಕಿದ್ದಾರೆ ಅನ್ನುವ ಹಾಗೆ ನೋಡಿದರು. ಆದರೆ ಅನ್ನದ ಮೇಲೆ ಹಾಕಿಕೊಂಡರು, ಕುಡಿಯಲಿಲ್ಲ. ಈ ವಾರ ನಾಗವೇಣಿಯವರ ದಾರಿಯನ್ನೂ ನೋಡುತ್ತೇನೆ.

ಪೂರ್ತಿ ತಪ್ಪಿದ್ದು ಮುದ್ದೆ. "ಫಿಂಗರ್ ಮಿಲೆಟ್ ಡಂಪ್ಲಿಂಗ್" ಅಂತ ಬರೆದಿದ್ದೆ. ಒಳಗೆ ಏನು ತುಂಬಿದ್ದಾರೆ ಅಂತ ಇಬ್ಬರೂ ಕೇಳಿದರು. ತಂದಿಟ್ಟ ಮೇಲೆ ಆಕೆ ಮಧ್ಯಕ್ಕೆ ಒಡೆದು ಹೂರಣ ಹುಡುಕಿದರು. ಆಮೇಲೆ ಒಂದು ತುಂಡು ಬಾಯಿಗಿಟ್ಟು ಜಗಿಯುತ್ತಾ ಹೋದರು, ಹಲ್ಲಿಗೆ ಅಂಟಿಕೊಂಡಿತು. ಅಣ್ಣ ಬಂದು ಚಿವುಟಿ, ಸಾರಿನಲ್ಲಿ ಅದ್ದಿ, ನುಂಗಿ ತೋರಿಸಿದ. ಎರಡನೇ ಸಲ ಅವರೂ ನುಂಗಿದರು, ನಕ್ಕರು.

ಈಗ "ಸಾಫ್ಟ್ ಮೌಂಡ್ ಆಫ್ ಕುಕ್ಡ್ ಫಿಂಗರ್ ಮಿಲೆಟ್ ಫ್ಲೋರ್, ನೋ ಫಿಲ್ಲಿಂಗ್. ಪಿಂಚ್, ಡಿಪ್ ಇನ್ ಸಾರು ಅಂಡ್ ಸ್ವಾಲೋ ವಿದೌಟ್ ಚೂಯಿಂಗ್" ಅಂತ ಬರೆದಿದ್ದೇನೆ. "ನುಂಗಿ, ಜಗಿಯಬೇಡಿ" ಅನ್ನುವುದನ್ನು ಮೆನುವಿನಲ್ಲಿ ಓದಿದರೆ ಹೆದರುತ್ತಾರಾ ಅಂತ ಅನುಮಾನ.

ಪದ್ಮಕ್ಕ

ಹೆದರಲಿ ಬಿಡಮ್ಮ, ಜಗಿದು ಬೇಜಾರು ಮಾಡಿಕೊಳ್ಳುವುದಕ್ಕಿಂತ ವಾಸಿ. ಚಿವುಟುವಾಗ ಬೆರಳು ಸಾರಿನಲ್ಲಿ ಅದ್ದಿಕೊಂಡರೆ ಅಂಟುವುದಿಲ್ಲ ಅಂತಲೂ ಸೇರಿಸು.

ನಾಗವೇಣಿ

ಜಾಗ ಇದ್ದರೆ ಸೇರಿಸಿ. ಇಲ್ಲದಿದ್ದರೆ ಅದನ್ನು ಬಡಿಸುವ ಹುಡುಗ ಹೇಳಲಿ. "ಸ್ವಾಲೋ ವಿದೌಟ್ ಚೂಯಿಂಗ್" ಬದಲು "ನೋ ನೀಡ್ ಟು ಚ್ಯೂ" ಅಂದರೆ ಆಜ್ಞೆ ಮಾಡಿದ ಹಾಗೆ ಇರುವುದಿಲ್ಲ. ಮುಂದಿನ ಗಿರಾಕಿಗೆ ಅದನ್ನು ಓದಿಸಿ ನೋಡಿ, ಏನಂದರು ಅಂತ ಇಲ್ಲಿ ಬರೆಯಿರಿ.